ಸುಟ್ಟ ಕೈಗೆ ಬೇಕಿರೋದು ಪೇಸ್ಟ್ ಅಲ್ಲ, 20 ನಿಮಿಷ

1/8

ಸುತ್ತಿ ಬಳಸಿ ಹೇಳಲ್ಲ. ಅಡುಗೆಮನೇಲಿ ಯಾರಿಗಾದ್ರೂ ಕೈ ಸುಟ್ರೆ ನಮ್ಮಲ್ಲಿ ಒಬ್ಬರು ಬಾತ್‌ರೂಮ್ ಕಡೆ ಓಡ್ತಾರೆ ಟೂತ್‌ಪೇಸ್ಟ್‌ಗೆ, ಇನ್ನೊಬ್ಬರು ಫ್ರಿಜ್ ಕಡೆ ಓಡ್ತಾರೆ ಐಸ್‌ಗೆ. ಎರಡು ಹೆಜ್ಜೆ ದೂರದಲ್ಲೇ ಸಿಂಕ್ ಇರುತ್ತೆ. ಅದರ ಮೇಲೆ ನಲ್ಲಿ ಇರುತ್ತೆ. ಅದನ್ನ ತಿರುಗಿಸಿದ್ರೂ ಹತ್ತು ಸೆಕೆಂಡ್ ಕೈ ಒಡ್ಡಿ, "ಸಾಕು ಬಿಡು, ಏನೂ ಆಗಿಲ್ಲ" ಅಂತ ಮತ್ತೆ ಒಲೆ ಮುಂದೆ ನಿಲ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ಸಣ್ಣ ಸುಟ್ಟಗಾಯಕ್ಕೆ ಮನೇಲಿ ಸಿಗೋ ಅತ್ಯುತ್ತಮ ಔಷಧಿ ಹರಿಯೋ ತಣ್ಣೀರು, ಅದರ ಡೋಸ್ 20 ನಿಮಿಷ. ಈ ಡೋಸ್ ಯಾರೂ ಪೂರ್ತಿ ತಗೊಳ್ಳಲ್ಲ. ನೀರು ಇಲ್ಲ ಅಂತಲ್ಲ, ಆ 20 ನಿಮಿಷ ಅಡುಗೆ ಮಾಡ್ತಿರೋರಿಗೆ ಯಾರೂ ಬಿಟ್ಟುಕೊಡಲ್ಲ ಅಂತ. ಈ ಮಾತಿಗೆ ಕೊನೇ ಪೋಸ್ಟ್‌ನಲ್ಲಿ ಬರ್ತೀನಿ. ಮೊದಲು, 20 ನಿಮಿಷವೇ ಯಾಕೆ ಅನ್ನೋದು ಗೊತ್ತಾಗಲಿ.

2/8

ದೋಸೆ ಹಂಚು ನೆನಪು ಮಾಡ್ಕೊಳ್ಳಿ. ಗ್ಯಾಸ್ ಆಫ್ ಮಾಡಿದ ಮೇಲೂ ಹಂಚಿನ ಮೇಲಿರೋ ದೋಸೆ ಕೆಂಪಾಗ್ತಾನೇ ಇರುತ್ತೆ, ಅಲ್ವಾ? ಬೆಂಕಿ ಹೋದ್ರೂ ಕಾವು ಹೋಗಿರಲ್ಲ. ಚರ್ಮವೂ ಹಾಗೇನೇ. ಎಣ್ಣೆ ಹಾರಿ ಬಿದ್ದು ಒರೆಸಿಕೊಂಡ್ರಿ ಅಂದ್ಕೊಳ್ಳಿ, ಆದ್ರೆ ಒಳಗೆ ಇಳಿದಿರೋ ಶಾಖ ಕೆಳಗಿನ ಪದರವನ್ನ ಇನ್ನೂ ಬೇಯಿಸ್ತಾ ಇರುತ್ತೆ.

1953ರಲ್ಲಿ ಜಾಕ್ಸನ್ ಅನ್ನೋ ಇಂಗ್ಲೆಂಡಿನ ಸರ್ಜನ್ ಒಬ್ಬರು ಸುಟ್ಟಗಾಯವನ್ನ ಮೂರು ವಲಯಗಳಾಗಿ ವಿವರಿಸಿದ್ರು. ಡಾಕ್ಟರ್‌ಗಳು ಇವತ್ತಿಗೂ ಅದನ್ನೇ ಓದ್ತಾರೆ. ನಡುವೆ ಇರೋದು ಸತ್ತುಹೋದ ಭಾಗ, ಅದನ್ನ ಉಳಿಸೋಕಾಗಲ್ಲ. ಹೊರ ಅಂಚಿನಲ್ಲಿ ಬರೀ ಕೆಂಪಾಗಿರೋ ಭಾಗ, ಅದು ತಾನಾಗೇ ಸರಿಹೋಗುತ್ತೆ. ಇವೆರಡರ ಮಧ್ಯೆ ಒಂದು ಪಟ್ಟಿ ಇದೆ. ಅಲ್ಲಿ ರಕ್ತ ಓಡಾಟ ಕಮ್ಮಿಯಾಗಿರುತ್ತೆ, ಜೀವಕೋಶಗಳು ಇನ್ನೂ ಸತ್ತಿರಲ್ಲ. ಮುಂದಿನ ಒಂದೆರಡು ದಿನದಲ್ಲಿ ಅವು ಉಳೀಬಹುದು, ಸಾಯಬಹುದು.

ನಲ್ಲಿ ನೀರು ಕೆಲಸ ಮಾಡೋದು ಈ ಮಧ್ಯದ ಪಟ್ಟಿಗೋಸ್ಕರ. ಹತ್ತು ಸೆಕೆಂಡ್ ನೀರಿಗೆ ಮೇಲ್ಗಡೆ ಉರಿ ಸ್ವಲ್ಪ ಇಳಿಯುತ್ತೆ, ಅಷ್ಟೇ. ಒಳಗಿನ ಶಾಖ ಹೊರಗೆ ಬರೋಕೆ ನಿಮಿಷಗಳು ಬೇಕು. ಮೇಲ್ಮೈಗೆ ಸೀಮಿತವಾಗಬೇಕಿದ್ದ ಗಾಯ ಆಳಕ್ಕೆ ಇಳಿಯದೇ ಇರಲಿ ಅನ್ನೋದೇ ಈ 20 ನಿಮಿಷದ ಲೆಕ್ಕ.

3/8

ಈಗ ಮಾಡೋದು ಹೇಗೆ ಅಂತ.

ಮೊದಲು ಗ್ಯಾಸ್ ಆಫ್. ಆಮೇಲೆ ಕೈ ನೀರಿಗೆ ಒಡ್ಡಿಕೊಂಡೇ ಬಳೆ, ಉಂಗುರ, ವಾಚ್, ಕೈಗೆ ಕಟ್ಟಿದ ದಾರ ಎಲ್ಲ ತೆಗೀರಿ. ಸ್ವಲ್ಪ ಹೊತ್ತಿಗೆ ಕೈ ಊದಿಕೊಳ್ಳುತ್ತೆ, ಆಗ ಉಂಗುರ ಬರಲ್ಲ, ಬೆರಳಿಗೆ ರಕ್ತ ಹೋಗೋದೇ ಕಷ್ಟ ಆಗುತ್ತೆ. ಬಿಸಿ ಎಣ್ಣೆ ಅಥವಾ ಸಾರು ಬಿದ್ದು ಬಟ್ಟೆ ಒದ್ದೆಯಾಗಿದ್ರೆ ಅದನ್ನೂ ತೆಗೀಬೇಕು, ಬಟ್ಟೆ ಶಾಖವನ್ನ ಹಿಡಿದಿಟ್ಟುಕೊಳ್ಳುತ್ತೆ. ಚರ್ಮಕ್ಕೆ ಅಂಟಿಕೊಂಡಿದ್ರೆ ಮಾತ್ರ ಎಳೀಬೇಡಿ, ಅದರ ಮೇಲೇ ನೀರು ಹಾಕಿ.

ನೀರು ಜೋರಾಗಿ ಬರಬೇಕಿಲ್ಲ. ಸಣ್ಣ ಧಾರೆ ಸಾಕು, ನಿಲ್ಲದೆ ಹರೀತಾ ಇರಬೇಕು. "20 ನಿಮಿಷ ನಲ್ಲಿ ಬಿಡೋಕೆ ನಮ್ಮ ಏರಿಯಾದಲ್ಲಿ ನೀರೆಲ್ಲಿದೆ?" ಅಂತ ಕೇಳ್ತೀರ, ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಒಂದು ಲೀಟರ್ ಮಗ್ ತುಂಬೋಕೆ ಒಂದು ನಿಮಿಷ ಹಿಡಿಯೋ ಅಷ್ಟು ಸಣ್ಣ ಧಾರೆ ಬಿಟ್ರೆ, 20 ನಿಮಿಷಕ್ಕೆ 20 ಲೀಟರ್. ಅಂದ್ರೆ ಒಂದು ಬಕೆಟ್. ಕೆಳಗೆ ಬಕೆಟ್ ಇಟ್ಟು ಹಿಡ್ಕೊಳ್ಳಿ, ಆಮೇಲೆ ನೆಲ ಒರೆಸೋಕೋ ಟಾಯ್ಲೆಟ್‌ಗೋ ಆಗುತ್ತೆ. ನಲ್ಲೀಲಿ ನೀರೇ ಇಲ್ವಾ? ಕೊಡದಿಂದ ಮಗ್‌ನಲ್ಲಿ ಮೊಗೆದು ಒಬ್ಬರು ನಿಧಾನಕ್ಕೆ ಹುಯ್ತಾ ಇರಲಿ.

ಇನ್ನೊಂದು ವಿಷಯ. ನಮ್ಮ ಬೇಸಿಗೆ ಮಧ್ಯಾಹ್ನ ಟೆರೇಸ್ ಮೇಲಿನ ಕಪ್ಪು ಟ್ಯಾಂಕ್‌ನಿಂದ ಬರೋದು ತಣ್ಣೀರಲ್ಲ, ಸ್ನಾನಕ್ಕೆ ಆಗೋ ಬಿಸಿನೀರು. ಸುಟ್ಟ ಕೈಗೆ ಅದು ಬೇಡ. ಆಗ ಒಳಗೆ ತುಂಬಿಟ್ಟಿರೋ ಕೊಡದ ನೀರೇ ಒಳ್ಳೇದು.

ಆ ಕ್ಷಣಕ್ಕೆ ಮಾಡಲಿಲ್ಲ, ಅರ್ಧ ಗಂಟೆ ಆಗೋಯ್ತು ಅಂದ್ರೂ ಬಿಡಬೇಡಿ. ಸುಟ್ಟ ಮೂರು ಗಂಟೆ ಒಳಗೆ ನೀರಿಗೆ ಹಿಡಿದ್ರೂ ಪ್ರಯೋಜನ ಇದೆ. ಬೇಗ ಮಾಡಿದಷ್ಟೂ ಜಾಸ್ತಿ.

4/8

"ನಮ್ಮಜ್ಜಿ ದೋಸೆ ಹಿಟ್ಟು ಹಚ್ತಿದ್ರು, ವಾಸಿಯಾಗ್ತಿತ್ತು." ಈ ಕಾಮೆಂಟ್ ಬಂದೇ ಬರುತ್ತೆ, ಅದಕ್ಕೆ ಮೊದಲೇ ಉತ್ತರ ಕೊಡ್ತೀನಿ.

ವಾಸಿಯಾಗಿದ್ದು ನಿಜ. ಬರೀ ಕೆಂಪಾಗಿ ಉರಿಯೋ ಸುಟ್ಟಗಾಯ ಏನೂ ಹಚ್ಚದಿದ್ರೂ ಸುಮಾರು ಒಂದು ವಾರದಲ್ಲಿ ಕಲೆ ಇಲ್ಲದೆ ಹೋಗುತ್ತೆ. ಚರ್ಮ ಮಾಡಿದ ಕೆಲಸವನ್ನ ನಾವು ಹಿಟ್ಟಿನ ಖಾತೆಗೆ ಜಮಾ ಮಾಡಿಬಿಟ್ವಿ. ನಮ್ಮ ಕ್ಲಾಸಲ್ಲಿ ಇಂಥ ಎಂಟ್ರಿ ಹಾಕಿದ್ರೆ ಟ್ಯಾಲಿ ಆಗಲ್ಲ.

ಪೇಸ್ಟ್ ತಣ್ಣಗೆ ಅನ್ನಿಸೋದು ಅದರಲ್ಲಿರೋ ಪುದೀನದ ಅಂಶದಿಂದ. ಅದು ನರಗಳಿಗೆ ತಂಪು ಅಂತ ಹೇಳುತ್ತೆ, ಒಳಗಿನ ಶಾಖವನ್ನ ಹೊರಗೆ ಒಯ್ಯಲ್ಲ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಮೇಲೊಂದು ಪದರ ಆಗಿ ಕೂತು ಶಾಖ ಹೋಗೋಕೆ ಅಡ್ಡ ಬರುತ್ತೆ. ಮನೇಲಿರೋ ಮುಲಾಮೂ ಅಷ್ಟೇ, ಮೊದಲ 20 ನಿಮಿಷ ಅದರದಲ್ಲ.

ಅರಿಶಿನ, ಇಂಕು, ಕಾಫಿಪುಡಿ ಇವುಗಳ ತೊಂದರೆ ಬೇರೆ. ಇವು ಗಾಯದ ಬಣ್ಣವನ್ನೇ ಮುಚ್ಚಿಬಿಡುತ್ತೆ. ಗಾಯ ಎಷ್ಟು ಆಳ ಅಂತ ಡಾಕ್ಟರ್ ಗುರುತಿಸೋದು ಮುಖ್ಯವಾಗಿ ಬಣ್ಣ ಮತ್ತು ತೇವ ನೋಡಿ. ಹಳದಿಯೋ ನೀಲಿಯೋ ಬಳಿದ್ರೆ ಅವರು ಮೊದಲು ಅದನ್ನ ತೊಳೆದು ತೆಗೀಬೇಕು. ಸುಟ್ಟ ಚರ್ಮದ ಮೇಲೆ ಒಣಗಿ ಗಟ್ಟಿಯಾದ ಪೇಸ್ಟ್ ಉಜ್ಜಿ ತೆಗೆಯೋದು ಹೇಗಿರುತ್ತೆ ಅಂತ ನೀವೇ ಊಹಿಸಿಕೊಳ್ಳಿ. ದೋಸೆ ಹಿಟ್ಟು ಹುದುಗು ಬಂದಿರೋದು, ಅದರ ತುಂಬ ಸೂಕ್ಷ್ಮಜೀವಿಗಳು. ಹೊಟ್ಟೆಗೆ ಒಳ್ಳೇದು, ಸಿಪ್ಪೆ ಎದ್ದ ಚರ್ಮಕ್ಕಲ್ಲ.

ಐಸ್ ಯಾಕೆ ಬೇಡ? ನೀರು ತಣ್ಣಗಿದ್ರೆ ಒಳ್ಳೇದಾದ್ರೆ ಐಸ್ ಇನ್ನೂ ಒಳ್ಳೇದಲ್ವಾ ಅನ್ಸುತ್ತೆ. ಆದ್ರೆ ಅತಿ ತಂಪಿಗೆ ರಕ್ತನಾಳಗಳು ಬಿಗಿದುಕೊಳ್ಳುತ್ತೆ. ಮೇಲೆ ಹೇಳಿದ ಮಧ್ಯದ ಪಟ್ಟಿಗೆ ಮೊದಲೇ ರಕ್ತ ಸಾಲದು, ಇರೋದನ್ನೂ ನಿಲ್ಲಿಸಿದ ಹಾಗಾಗುತ್ತೆ. ಸುಟ್ಟ ಜಾಗಕ್ಕೆ ಐಸ್‌ನಿಂದ ಇನ್ನೊಂದು ಗಾಯ.

5/8

ಒಂದು ಉದಾಹರಣೆ ಪೂರ್ತಿ ನೋಡೋಣ. ಭಾನುವಾರ ಸಂಜೆ ರೂಮಲ್ಲಿ ಅವಲಕ್ಕಿ ಒಗ್ಗರಣೆ. ಸಾಸಿವೆ ಸಿಡೀತು, ಮೆಣಸಿನಕಾಯಿ ಹಾಕುವಾಗ ಬಾಣಲೆ ವಾಲಿ ಎಣ್ಣೆ ನಿಮ್ಮ ಮುಂಗೈಯ ಮೇಲೆ, ಅಂದ್ರೆ ಮಣಿಕಟ್ಟಿಗೂ ಮೊಣಕೈಗೂ ಮಧ್ಯೆ, ಚೆಲ್ಲಿತು. ನಿಮ್ಮ ಅಂಗೈಯ ಅರ್ಧದಷ್ಟು ಜಾಗ.

ಗ್ಯಾಸ್ ಆಫ್, ಕೈ ನಲ್ಲಿ ಕೆಳಗೆ, ಫೋನಲ್ಲಿ 20 ನಿಮಿಷಕ್ಕೆ ಟೈಮರ್. ಐದನೇ ನಿಮಿಷಕ್ಕೆ ಉರಿ ಕಮ್ಮಿ ಆಗುತ್ತೆ, ಸಾಕು ಅನ್ಸುತ್ತೆ. ಎಲ್ಲರೂ ಬಿಡೋದು ಇಲ್ಲೇ. ಟೈಮರ್ ಹೊಡೆಯೋವರೆಗೂ ನಿಲ್ಲಿ. ಹೊರಗೆ ತೆಗೆದಾಗ ಮತ್ತೆ ಉರಿ ಶುರುವಾದ್ರೆ ಗಾಬರಿ ಬೇಡ, ಅದು ನರಗಳು ಜೀವಂತ ಇವೆ ಅನ್ನೋದರ ಗುರುತು. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತೆ, ಪ್ಯಾಕೆಟ್ ಮೇಲೆ ಬರೆದಿರೋ ಪ್ರಮಾಣದಷ್ಟೇ.

ರಾತ್ರಿ ಹೊತ್ತಿಗೆ ಎರಡು ಗುಳ್ಳೆ ಎದ್ದಿವೆ. ಒಡೀಬೇಡಿ. ಗುಳ್ಳೆಯ ಮೇಲಿನ ಚರ್ಮಕ್ಕಿಂತ ಒಳ್ಳೇ ಬ್ಯಾಂಡೇಜ್ ಯಾವ ಮೆಡಿಕಲ್ ಶಾಪಲ್ಲೂ ಸಿಗಲ್ಲ. ಮೇಲೆ ಅಂಟಿಕೊಳ್ಳದ ಗಾಜ್ ಇಡಿ, ಪ್ಯಾರಾಫಿನ್ ಗಾಜ್ ಅಂತ ಕೇಳಿದ್ರೆ ಮೆಡಿಕಲ್‌ನಲ್ಲಿ ಕೊಡ್ತಾರೆ. ಅದರ ಮೇಲೆ ಸಡಿಲವಾಗಿ ಬ್ಯಾಂಡೇಜ್ ಬಟ್ಟೆ. ಹತ್ತಿಯನ್ನ ನೇರವಾಗಿ ಇಡಬೇಡಿ, ಎಳೆ ಎಳೆಯಾಗಿ ಗಾಯಕ್ಕೆ ಅಂಟುತ್ತೆ. ಅಂಗಡಿ ಮುಚ್ಚಿದ್ರೆ ಆ ರಾತ್ರಿಗೆ ಒಗೆದು ಒಣಗಿಸಿದ ಮೆತ್ತನೆ ಕಾಟನ್ ಬಟ್ಟೆ ಸಾಕು.

ಎರಡನೇ ದಿನ: ಸುತ್ತ ಸ್ವಲ್ಪ ಊತ, ಮುಟ್ಟಿದ್ರೆ ನೋವು. ಸಹಜ. ಮೂರು ನಾಲ್ಕನೇ ದಿನ: ಒಂದು ಗುಳ್ಳೆ ತಾನಾಗೇ ಒಡೆದು ತಿಳಿನೀರು ಬಂತು. ಕೈ ತೊಳ್ಕೊಂಡು, ಗಾಯವನ್ನ ಶುದ್ಧ ನೀರಲ್ಲಿ ಮೆತ್ತಗೆ ತೊಳೆದು ಹೊಸ ಗಾಜ್ ಹಾಕಿ. ಕೆಳಗೆ ಕಾಣೋ ಚರ್ಮ ಗುಲಾಬಿ ಬಣ್ಣ, ತೇವ, ಮುಟ್ಟಿದ್ರೆ ಚುರ್ ಅನ್ನುತ್ತೆ. ಇದು ಒಳ್ಳೇ ಲಕ್ಷಣ. ಏಳನೇ ದಿನ: ನೋವು ದಿನದಿಂದ ದಿನಕ್ಕೆ ಇಳೀತಿದೆ, ಅಂಚಿನಿಂದ ಹೊಸ ಚರ್ಮ ಬರ್ತಿದೆ. ಹನ್ನೆರಡನೇ ದಿನ ಹೊತ್ತಿಗೆ ಮುಚ್ಚಿಕೊಂಡಿದೆ, ತುರಿಕೆ ಇದೆ.

ನಮ್ಮ ಚರ್ಮದಲ್ಲಿ ಆ ಜಾಗ ಕೆಲವು ತಿಂಗಳು ಸುತ್ತಲಿನ ಬಣ್ಣಕ್ಕಿಂತ ಕಪ್ಪಗೆ ಅಥವಾ ಬೆಳ್ಳಗೆ ಇರುತ್ತೆ. ಬಿಸಿಲಿಗೆ ಒಡ್ಡದೆ ತುಂಬು ತೋಳು ಹಾಕ್ಕೊಂಡ್ರೆ ಬಣ್ಣ ಹೊಂದಿಕೊಳ್ಳೋಕೆ ಸಹಾಯ ಆಗುತ್ತೆ.

ಈ ಕಥೆಯಲ್ಲಿ ಗಮನಿಸಬೇಕಾದ್ದು ಒಂದೇ: ಪ್ರತಿದಿನ ಹಿಂದಿನ ದಿನಕ್ಕಿಂತ ಸ್ವಲ್ಪ ಮೇಲು. ಈ ದಾರಿ ತಪ್ಪಿತು ಅಂದ್ರೆ ಮನೆಮದ್ದು ಮುಗೀತು, ಡಾಕ್ಟರ್ ಶುರು.

6/8

ಯಾವುದಕ್ಕೆ ಅವತ್ತೇ ಹೋಗಬೇಕು? 20 ನಿಮಿಷದ ನೀರು ಎಲ್ಲದಕ್ಕೂ ಮೊದಲು, ಆದ್ರೆ ಕೆಲವಕ್ಕೆ ಅದು ಬರೀ ಮೊದಲ ಹೆಜ್ಜೆ. ಮೂರು ಪ್ರಶ್ನೆ ಕೇಳ್ಕೊಳ್ಳಿ.

ಎಷ್ಟು ದೊಡ್ಡದು? ಸುಟ್ಟವರ ಅಂಗೈ ಬೆರಳುಗಳ ಸಮೇತ ಅಳತೆ. ಅದು ಅವರ ಮೈ ಚರ್ಮದ ಸುಮಾರು 1 ಪರ್ಸೆಂಟ್. ಗಾಯ ಅದಕ್ಕಿಂತ ದೊಡ್ಡದಿದ್ರೆ ಹೋಗಿ. ಮಗು ಸುಟ್ಕೊಂಡಿದ್ರೆ ಮಗುವಿನ ಅಂಗೈ ಲೆಕ್ಕ, ನಿಮ್ಮದಲ್ಲ. ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರೋರು, ಇವರದ್ದು ಸಣ್ಣದಿದ್ರೂ ತೋರಿಸಿಬಿಡಿ.

ಎಲ್ಲಿ? ಮುಖ, ಕುತ್ತಿಗೆ, ಅಂಗೈ ಮತ್ತು ಬೆರಳು, ಪಾದ, ಯಾವುದೇ ಕೀಲಿನ ಮೇಲೆ, ಗುಪ್ತಾಂಗ. ಇಲ್ಲಿ ಗುಳ್ಳೆ ಎದ್ರೆ ಗಾತ್ರ ನೋಡಬೇಡಿ, ಹೋಗಿ. ಬೆರಳ ಮೇಲಿನ ಚರ್ಮ ವಾಸಿಯಾಗುವಾಗ ಬಿಗಿದುಕೊಂಡ್ರೆ ಬೆರಳು ಪೂರ್ತಿ ಮಡಚೋಕೆ ಆಗಲ್ಲ. ಕೈ ಅಥವಾ ಬೆರಳಿನ ಸುತ್ತಲೂ ಬಳೆ ಥರ ಸುಟ್ಟಿದ್ರೂ ಅಷ್ಟೇ. ಕುಕ್ಕರ್ ಆವಿ ಮುಖಕ್ಕೆ ಹೊಡೆದು ದನಿ ಗೊಗ್ಗರಾಯ್ತು, ಕೆಮ್ಮು ಬರ್ತಿದೆ, ಉಸಿರಾಟ ಕಷ್ಟ ಅಂದ್ರೆ ತಡ ಮಾಡದೆ 108. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿ ದೊಡ್ಡ ಭಾಗ ಸುಟ್ಟಿದ್ರೂ 108.

ಹೇಗೆ ಕಾಣುತ್ತೆ? ಎಲ್ಲರೂ ಮೋಸ ಹೋಗೋದು ಇಲ್ಲಿ. "ನೋವೇ ಇಲ್ಲ, ಹಾಗಾದ್ರೆ ಸಣ್ಣದೇ" ಅಂತ ಅಂದ್ಕೋತೀವಿ. ಇದು ತಲೆಕೆಳಗಾದ ಲೆಕ್ಕ. ಗಾಯ ಆಳಕ್ಕೆ ಇಳಿದ್ರೆ ನೋವು ಹೇಳೋ ನರಗಳೇ ಸುಟ್ಟುಹೋಗಿರುತ್ತೆ. ಆ ಜಾಗ ಬಿಳಿಚಿಕೊಂಡು ಮೇಣದ ಥರ, ಅಥವಾ ಕಂದು, ಕರಕಲು, ಒಣಗಿದ ತೊಗಲಿನ ಥರ ಇರುತ್ತೆ, ಮುಟ್ಟಿದ್ರೆ ಗೊತ್ತಾಗಲ್ಲ. ತೇವ ಇರೋ, ಚುರುಗುಟ್ಟೋ ಗುಳ್ಳೆಗಿಂತ ಒಣಗಿ ಸುಮ್ಮನಿರೋ ಬಿಳಿ ಮಚ್ಚೆ ಜಾಸ್ತಿ ಅಪಾಯ. ಸಣ್ಣದಿದ್ರೂ ಅವತ್ತೇ ಆಸ್ಪತ್ರೆ.

ಇನ್ನೊಂದು ಮಾತು. ನೆಟ್‌ನಲ್ಲಿ ಸಿಗೋ ಸುಟ್ಟಗಾಯದ ಫೋಟೋ ಹೆಚ್ಚಿನವು ಬಿಳಿ ಚರ್ಮದವರದ್ದು, ಕೆಂಪು ಎದ್ದು ಕಾಣುತ್ತೆ. ನಮ್ಮಲ್ಲಿ ಎಷ್ಟೋ ಜನರ ಚರ್ಮದಲ್ಲಿ ಕೆಂಪು ಕಾಣೋದೇ ಇಲ್ಲ. ಗಾಢ ಕಂದು ಅಥವಾ ನೇರಳೆ ಛಾಯೆ ಬರುತ್ತೆ, ಮೇಲ್ಮೈ ಬಿಗಿಯಾಗಿ ಹೊಳೆಯುತ್ತೆ. ಹಾಗಾಗಿ ಕೆಂಪು ಹುಡುಕೋ ಬದಲು ಪಕ್ಕದ ಚರ್ಮದ ಜೊತೆ ಹೋಲಿಸಿ, ಬೆರಳ ಹಿಂಭಾಗ ಇಟ್ಟು ಬಿಸಿ ನೋಡಿ, ಊತ ನೋಡಿ.

ಕರೆಂಟ್ ಹೊಡೆದು ಸುಟ್ಟಿದ್ರೆ ಮೇಲ್ಗಡೆ ಸಾಸಿವೆ ಕಾಳಷ್ಟು ಗುರುತಿದ್ರೂ ಆಸ್ಪತ್ರೆಗೇ. ಒಳಗೆ ಸ್ನಾಯುಗೆ, ಹೃದಯದ ಬಡಿತಕ್ಕೆ ಪೆಟ್ಟಾಗಿರಬಹುದು. ಅವರನ್ನ ಮುಟ್ಟೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ.

7/8

ಮೊದಲ ದಿನ ಸಣ್ಣದಾಗಿ ಕಂಡಿದ್ದು ಆಮೇಲೆ ಕೆಡಬಹುದು. ಗಾಯಕ್ಕೆ ಸೋಂಕು ತಗುಲಿದೆ ಅನ್ನೋಕೆ ನಂಬಿಕಸ್ಥ ಗುರುತು ನೋವಿನ ದಿಕ್ಕು. ಇಳೀತಾ ಇದ್ದ ನೋವು ಮೂರನೇ ನಾಲ್ಕನೇ ದಿನ ತಿರುಗಿ ಏರೋಕೆ ಶುರುವಾದ್ರೆ ಅನುಮಾನ ಪಡಿ. ಜೊತೆಗೆ ಹಳದಿ ಹಸಿರು ಕೀವು, ಕೆಟ್ಟ ವಾಸನೆ, ಗಾಯದ ಗಡಿ ದಾಟಿ ಹರಡೋ ಬಿಸಿ ಮತ್ತು ಊತ, ಕೈ ಮೇಲಕ್ಕೆ ಹೋಗೋ ಗೆರೆ, ಜ್ವರ, ಚಳಿ. ಇದರಲ್ಲಿ ಯಾವುದಾದ್ರೂ ಒಂದು ಕಂಡರೂ ಇನ್ನೊಂದು ದಿನ ನೋಡೋಣ ಅನ್ನಬೇಡಿ.

ಅನುಮಾನ ಇದ್ರೆ ಒಂದು ಸುಲಭ ಉಪಾಯ: ಗಾಜ್ ಬದಲಿಸುವಾಗ ದಿನಕ್ಕೊಂದು ಫೋಟೋ, ಒಂದೇ ಜಾಗದಲ್ಲಿ, ಒಂದೇ ಬೆಳಕಲ್ಲಿ. ಸ್ಟೋರಿಗೆ ಹಾಕೋಕಲ್ಲ. ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸೋಕೆ, ಬೇಕಾದ್ರೆ ಡಾಕ್ಟರ್‌ಗೆ ತೋರಿಸೋಕೆ.

ಎರಡು ವಾರ ಆದ್ರೂ ಮುಚ್ಚಿಕೊಳ್ಳದ ಗಾಯ ನಾವು ಅಂದ್ಕೊಂಡಿದ್ದಕ್ಕಿಂತ ಆಳವಾಗಿತ್ತು ಅಂತ ಅರ್ಥ. ತೋರಿಸಿ. ಹೋದಾಗ ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ, ಕೊನೇದು ಯಾವಾಗ ತಗೊಂಡಿದ್ದು ಅಂತ ಮನೇಲಿ ವಿಚಾರಿಸಿಕೊಂಡು ಹೋಗಿ.

ಖರ್ಚಿನ ಭಯಕ್ಕೆ ಮುಂದೂಡೋರು ನಮ್ಮಲ್ಲಿ ಬಹಳ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡ್ರೆಸ್ಸಿಂಗ್ ಮಾಡ್ತಾರೆ. ದೊಡ್ಡ ಗಾಯಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗೆ ಅಂತಾನೇ ಪ್ರತ್ಯೇಕ ವಿಭಾಗ ಇದೆ, ಅದು ಸರ್ಕಾರಿ ಆಸ್ಪತ್ರೆ. ಮೊದಲ ವಾರದಲ್ಲಿ ಎರಡು ಡ್ರೆಸ್ಸಿಂಗ್‌ಗೆ ಮುಗೀಬೇಕಾದ್ದು, ಕೀವು ತುಂಬಿದ ಮೇಲೆ ವಾರಗಟ್ಟಲೆ ಎಳೆಯುತ್ತೆ. ಉಳಿಸಿದ ದುಡ್ಡು ಅಲ್ಲೇ ಹೋಗುತ್ತೆ.

8/8

ಈಗ ಮೊದಲ ಪೋಸ್ಟ್‌ನಲ್ಲಿ ಬಿಟ್ಟ ಮಾತು.

ಅಮ್ಮ ರೊಟ್ಟಿ ಬೇಯಿಸ್ತಾ ಇರ್ತಾರೆ. ಕೈ ಹಂಚಿಗೆ ತಾಗುತ್ತೆ. "ಸ್ಸ್" ಅಂತಾರೆ, ಸೆರಗಿಗೆ ಒರೆಸಿಕೊಳ್ತಾರೆ, ಮುಂದಿನ ರೊಟ್ಟಿ ಹಂಚಿಗೆ ಹಾಕ್ತಾರೆ. ನಾವು ಹೊರಗೆ ಕೂತು "ಏನಾಯ್ತಮ್ಮಾ?" ಅಂತ ಕೇಳ್ತೀವಿ, "ಏನಿಲ್ಲ" ಅಂತ ಉತ್ತರ ಬರುತ್ತೆ, ಮತ್ತೆ ಫೋನ್ ನೋಡ್ತೀವಿ. ಅವರಿಗೆ ನೀರಿಗೆ ಹಿಡೀಬೇಕು ಅಂತ ಗೊತ್ತಿಲ್ಲ ಅಂತಲ್ಲ. ಹಂಚಿನ ಮೇಲೆ ರೊಟ್ಟಿ ಇದೆ, ಪಕ್ಕದಲ್ಲಿ ಪಲ್ಯ ಇದೆ, ಹೊರಗೆ ನಾಲ್ಕು ಜನ ತಟ್ಟೆ ಮುಂದೆ ಕೂತಿದ್ದಾರೆ. 20 ನಿಮಿಷ ಸಿಂಕ್ ಮುಂದೆ ಸುಮ್ಮನೆ ನಿಲ್ಲೋ ಹಕ್ಕು ಆ ಅಡುಗೆಮನೇಲಿ ಅವರಿಗೆ ಇಲ್ಲ. ಪೇಸ್ಟ್ ಇಷ್ಟು ಜನಪ್ರಿಯ ಆಗಿರೋದೂ ಅದಕ್ಕೇ ಅಂತ ನನ್ನ ಅನಿಸಿಕೆ. ಹಚ್ಚೋಕೆ ಹತ್ತು ಸೆಕೆಂಡ್ ಸಾಕು, ಕೆಲಸ ನಿಲ್ಲಲ್ಲ.

ಅದಕ್ಕೇ, "ಸುಟ್ರೆ ನೀರಿಗೆ ಹಿಡೀಬೇಕಮ್ಮ" ಅಂತ ಈ ಪೋಸ್ಟ್ ಫಾರ್ವರ್ಡ್ ಮಾಡಿ ಕೈ ತೊಳ್ಕೋಬೇಡಿ. ಸುಟ್ಟವರಿಗೆ ಬುದ್ಧಿ ಹೇಳೋದು ಪ್ರಥಮ ಚಿಕಿತ್ಸೆ ಅಲ್ಲ. ಎದ್ದು ಹೋಗಿ ಗ್ಯಾಸ್ ಆಫ್ ಮಾಡೋದು, ಇಲ್ಲಾ ಆ ಸಟ್ಟುಗ ನಿಮ್ಮ ಕೈಗೆ ತಗೊಳ್ಳೋದು, ಅವರ ಬಳೆ ಮೇಲಕ್ಕೆ ಸರಿಸಿ ತೆಗೆಯೋದು, ಪಕ್ಕದಲ್ಲಿ ನಿಂತು ಟೈಮರ್ ನೋಡೋದು, ಅದು ಪ್ರಥಮ ಚಿಕಿತ್ಸೆ. ಊಟ 20 ನಿಮಿಷ ತಡ ಆಗುತ್ತೆ. ಆಗಲಿ.

ಪಿಜಿ, ಹಾಸ್ಟೆಲ್, ರೂಮ್‌ನಲ್ಲಿರೋರು ಇದನ್ನೇ ನಿಯಮ ಮಾಡ್ಕೊಳ್ಳಿ: ಒಬ್ಬರಿಗೆ ಸುಟ್ಟ ತಕ್ಷಣ ಒಲೆ ಇನ್ನೊಬ್ಬರದ್ದು. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ: "ಗ್ಯಾಸ್ ಆಫ್. ಬಳೆ ಉಂಗುರ ತೆಗಿ. ನಲ್ಲಿ 20 ನಿಮಿಷ. ಏನೂ ಹಚ್ಚಬೇಡ." ಒಂದು ಪ್ಯಾರಾಫಿನ್ ಗಾಜ್ ತಂದು ಡ್ರಾಯರ್‌ನಲ್ಲಿಡಿ.

ನಿಮ್ಮ ಮನೇಲಿ ಸುಟ್ರೆ ಏನು ಹಚ್ತಾರೆ ಅಂತ ಕಾಮೆಂಟಲ್ಲಿ ಬರೀರಿ. ಜೊತೆಗೆ ಅಮ್ಮ ಕೊನೇ ಸಲ ಸುಟ್ಕೊಂಡಾಗ ಒಲೆ ಮುಂದೆ ಯಾರು ನಿಂತ್ರು ಅಂತಾನೂ ಬರೀರಿ.

#ಸುಟ್ಟಗಾಯ #ನಲ್ಲಿಕೆಳಗೆ20ನಿಮಿಷ #ಅಡುಗೆಮನೆ #ಪಿಜಿಲೈಫ್